ಸೀಲ್ ಹಾಕಿದ ಚೀಟಿ ಸಾಲದು, ಯುಟಿಆರ್ ನೋಡಿ ಕಳಿಸಿ

"ನಿನ್ನೆ ಪಾಂಡವಪುರದಲ್ಲಿ ಬ್ಯಾಂಕಿಗೆ ಹೋಗಿ ಹಳೇ ಪವರ್ ಟಿಲ್ಲರ್‌ಗೆ 2,10,000 ಆರ್‌ಟಿಜಿಎಸ್ ಮಾಡಿಸಿದೆ. ಸೀಲ್ ಹಾಕಿಕೊಟ್ಟ ಚೀಟಿ ಫೋಟೋ ಕಳಿಸೋಣ ಅಂದ್ರೆ ಮಾರುವವರು ಯುಟಿಆರ್ ಇರೋದೇ ಬೇಕು ಅಂತಾರೆ. ಚೀಟಿಲಿ ಅವರ ಹೆಸರು ಸರಿಯಾಗೇ ಇದೆ. ಅಷ್ಟು ಸಾಲಲ್ವಾ? ಕಳಿಸೋ ಮುಂಚೆ ಏನು ನೋಡ್ಬೇಕು?"

ಅಣ್ಣ, ಆ ಚೀಟಿಯನ್ನು ಒಮ್ಮೆ ಕೈಗೆ ತಗೊಂಡು ನೋಡಿ. ಅದರಲ್ಲಿರುವ ಹೆಸರು, ಖಾತೆ ನಂಬರ್, ಮೊತ್ತ ಎಲ್ಲವೂ ನಿಮ್ಮದೇ ಕೈಬರಹ. ಬ್ಯಾಂಕಿನದು ಅಂತ ಇರೋದು ಸೀಲು ಮತ್ತು ಒಂದು ಸಹಿ. ನಿಮ್ಮ ಅರ್ಜಿ ತಗೊಂಡಿದ್ದೀವಿ ಅಂತ ಅಷ್ಟೇ ಅದರ ಅರ್ಥ. ದುಡ್ಡು ಹೊರಟಿತು ಅಂತ ಅದು ಹೇಳಲ್ಲ. ಕೌಂಟರಿನಲ್ಲಿ ಅದನ್ನು ಕಂಪ್ಯೂಟರಿಗೆ ಹೊಡೆದು, ಮೇಲಿನ ಅಧಿಕಾರಿ ಪಾಸ್ ಮಾಡಿದ ಮೇಲೆ ಯುಟಿಆರ್, ಅಂದರೆ ಆ ದುಡ್ಡು ಹೋದದ್ದರ ಗುರುತಿನ ನಂಬರ್, ಹುಟ್ಟುತ್ತದೆ. ಮಾರುವವರು ಕೇಳಿದ್ದು ಸರಿಯಾಗೇ ಇದೆ.

ಈ ಗುಂಪಿನಲ್ಲಿ ಕೆ.ಆರ್. ಪೇಟೆಯ ಅಣ್ಣ "ಹೆಸರು ಮ್ಯಾಚ್ ಆಗದಿದ್ರೆ ದುಡ್ಡು ಹೋಗೋದೇ ಇಲ್ಲ, ಹೆದರಬೇಡಿ" ಅಂತ ಬರೆದಿದ್ದಾರೆ. ಅರ್ಧ ಸರಿ. 2024ರ ಡಿಸೆಂಬರ್ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತು. ದುಡ್ಡು ಕಳಿಸೋ ಮುಂಚೆ ಆ ಖಾತೆ ಯಾರ ಹೆಸರಲ್ಲಿದೆ ಅಂತ ನೋಡುವ ಸೌಲಭ್ಯವನ್ನು ಬ್ಯಾಂಕುಗಳು 2025ರ ಏಪ್ರಿಲ್ 1ರೊಳಗೆ ಕೊಡಬೇಕು ಅಂತ. ಶುಲ್ಕ ಇಲ್ಲ, ಶಾಖೆಗೆ ಹೋಗಿ ಕಳಿಸುವವರೂ ಕೇಳಬಹುದು. ಆದರೆ ಅದು ನೋಡಿಕೊಳ್ಳೋಕೆ ಇರೋದು. ದುಡ್ಡು ಜಮಾ ಆಗೋದು ಖಾತೆ ನಂಬರ್ ಮೇಲೇ. ಹೆಸರು ತಪ್ಪಿದೆ ಅಂತ ತಾನಾಗೇ ನಿಲ್ಲುತ್ತದೆ ಅಂದುಕೊಳ್ಳಬೇಡಿ.

ಇದನ್ನು ನಾನು ಕಷ್ಟಪಟ್ಟು ಕಲಿತಿದ್ದು. ನಮ್ಮ ಆಲೆಮನೆಗೆ ಹಳೇ ಗಾಣ ಒಂದನ್ನು ಮಾತಾಡಿ 1,35,000 ನೆಫ್ಟ್ ಮಾಡಿಸಿದೆ. ಮಧ್ಯಾಹ್ನ ಹನ್ನೆರಡೂವರೆ. ದುಡ್ಡು ಕಟ್ ಆದ ಮೆಸೇಜ್ ತಕ್ಷಣ ಬಂತು. ಚೀಟಿಯ ಫೋಟೋ ತೆಗೆದು ಕಳಿಸಿದೆ. ಹೆಸರು ಅಚ್ಚುಕಟ್ಟಾಗಿತ್ತು, ಇನಿಷಿಯಲ್ ಸಮೇತ. ಅವರು ನಂಬಿ ಗಾಣವನ್ನು ಟೆಂಪೋಗೆ ಏರಿಸಿಬಿಟ್ಟರು. ಸಂಜೆ ಫೋನ್ ಬಂತು, "ದುಡ್ಡು ಬಂದಿಲ್ಲ, ಗಾಡಿ ವಾಪಸ್ ಕಳಿಸಿ" ಅಂತ. ಮರುದಿನ ಬೆಳಿಗ್ಗೆ ಪಾಸ್‌ಬುಕ್ ಹಾಕಿಸಿದರೆ ಹಿಂದಿನ ದಿನ ಮಧ್ಯಾಹ್ನವೇ ದುಡ್ಡು ನನಗೇ ವಾಪಸ್ ಬಂದಿತ್ತು. ಅವರ ಖಾತೆ ನಂಬರಿನ ನಡುವೆ ನಾಲ್ಕು ಸೊನ್ನೆ, ನಾನು ಬರೆದದ್ದು ಮೂರು. ಆ ನಂಬರಿನ ಖಾತೆ ಇಲ್ಲದ್ದಕ್ಕೆ ವಾಪಸ್ ಬಂತು. ಇದ್ದಿದ್ದರೆ ಬೇರೆ ಯಾರಿಗೋ ಜಮಾ ಆಗಿರುತ್ತಿತ್ತು. ಆಮೇಲೆ ಆ ಖಾತೆಯವರು ಒಪ್ಪಿದರೇನೇ ವಾಪಸ್, ಅದಕ್ಕೆ ಎಷ್ಟು ಅಲೆದಾಟ ಅಂತ ಹೇಳೋದು ಕಷ್ಟ. ದುಡ್ಡಿಗಿಂತ ನನಗೆ ನೋವಾಗಿದ್ದು, ಅವರು ಒಂದು ರಾತ್ರಿ ಪೂರ್ತಿ ನನ್ನನ್ನು ಮೋಸಗಾರ ಅಂದುಕೊಂಡಿದ್ದರು.

ಅದಕ್ಕೇ ಹೆಸರಿನ ಮೇಲೆ ಕಣ್ಣು ನೆಡಬೇಡಿ. ಖಾತೆ ನಂಬರ್ ಎಷ್ಟು ಅಂಕಿ ಅಂತ ಮೊದಲು ಎಣಿಸಿ. ಆಮೇಲೆ ಮಾರುವವರಿಗೆ ಫೋನ್ ಮಾಡಿ, ಅವರ ಪಾಸ್‌ಬುಕ್ ನೋಡಿಕೊಂಡು ನಾಲ್ಕು ನಾಲ್ಕು ಅಂಕಿಯಾಗಿ ಓದಲು ಹೇಳಿ, ನೀವು ರಸೀದಿಯಲ್ಲಿ ಬೆರಳಿಟ್ಟು ನೋಡಿ. ಅವರು ಮೊದಲು ಕಳಿಸಿದ ವಾಟ್ಸ್ಆ್ಯಪ್ ಮೆಸೇಜ್ ಜೊತೆ ತಾಳೆ ಹಾಕಿದರೆ ಸಾಲದು. ಅದರಲ್ಲೇ ತಪ್ಪಿದ್ದರೆ ತಪ್ಪಿಗೆ ತಪ್ಪು ಸರಿಹೋಗುತ್ತದೆ, ಅಷ್ಟೇ.

ಈಗ ಯುಟಿಆರ್ ವಿಷಯ. ನಿಮ್ಮದು ಎರಡು ಲಕ್ಷಕ್ಕೆ ಮೇಲಿರೋದರಿಂದ ಆರ್‌ಟಿಜಿಎಸ್ ನಡೆಯುತ್ತದೆ, ಅದರ ನಂಬರ್ 22 ಅಕ್ಷರದ್ದು. ನೋಡೋಕೆ ಹೀಗಿರುತ್ತದೆ (ಇದು ಸುಮ್ನೆ ಮಾದರಿ):

```
XXXXR52025061200001234
```

ಮೊದಲ ನಾಲ್ಕು ಅಕ್ಷರ ಕಳಿಸುವ ಬ್ಯಾಂಕಿನದು, ಅಂದರೆ ನಿಮ್ಮ ಬ್ಯಾಂಕಿನದು. ಅವರ ಬ್ಯಾಂಕಿನ ಹೆಸರು ಕಾಣಲಿಲ್ಲ ಅಂತ ಗಾಬರಿ ಆಗಬೇಡಿ. ಐದನೆಯದು `R`. ಆರನೆಯದನ್ನು ಬಿಟ್ಟರೆ ಮುಂದಿನ ಎಂಟು ಅಂಕಿ ತಾರೀಕು: ವರ್ಷ, ತಿಂಗಳು, ದಿನ. ನೀವು ಬ್ಯಾಂಕಿಗೆ ಹೋದ ದಿನವೇ ಅಲ್ಲಿರಬೇಕು. ನೆಫ್ಟ್ ಆದರೆ ಸಾಮಾನ್ಯವಾಗಿ 16 ಅಕ್ಷರ. ರಸೀದಿಯಲ್ಲಿ "ರೆಫರೆನ್ಸ್ ನಂಬರ್" ಅಂತ ಇನ್ನೊಂದು ಇರಬಹುದು. ಅದು ನಿಮ್ಮ ಬ್ಯಾಂಕಿನ ಒಳಗಿನ ನಂಬರ್, ಅವರ ಬ್ಯಾಂಕಿನಲ್ಲಿ ಕೊಟ್ಟರೆ ಹುಡುಕೋಕೆ ಆಗಲ್ಲ. ನಿಮಗೆ ಮೆಸೇಜ್ ಬಂದಿಲ್ಲದಿದ್ದರೆ ಪಾಸ್‌ಬುಕ್ ಹಾಕಿಸಿ, ಆ ಸಾಲಿನಲ್ಲಿ ಸಿಗುತ್ತದೆ. ಇಲ್ಲವಾ, ಶಾಖೆಯಲ್ಲೇ ಕೇಳಿ ಬರೆಸಿಕೊಳ್ಳಿ. ಕೈಯಲ್ಲಿ ಬರೆದುಕೊಟ್ಟರೆ `0` ಯಾವುದು, `O` ಯಾವುದು ಅಂತ ಕೇಳಿಕೊಳ್ಳಿ. ಸಾಧ್ಯವಾದರೆ ಯುಟಿಆರ್ ಅನ್ನು ಫೋಟೋ ಜೊತೆಗೆ ಟೈಪ್ ಮಾಡಿಯೂ ಕಳಿಸಿ. ಅವರು ಬ್ಯಾಂಕಿನಲ್ಲಿ ತೋರಿಸೋಕೆ ಸುಲಭ.

ಪಾಸ್‌ಬುಕ್ ಹಾಕಿಸಿದಾಗ ಕೆಳಗಿನ ಸಾಲುಗಳನ್ನೂ ನೋಡಿ. ದುಡ್ಡು ಕಟ್ ಆಗಿ ಮತ್ತೆ ಅಷ್ಟೇ ಮೊತ್ತ ಜಮಾ ಆಗಿದ್ದರೆ ವಾಪಸ್ ಬಂದಿದೆ ಅಂತ ಅರ್ಥ, ಆಗ ಆ ಯುಟಿಆರ್ ಕಳಿಸಿ ಪ್ರಯೋಜನ ಇಲ್ಲ. ಆರ್‌ಟಿಜಿಎಸ್‌ನಲ್ಲಿ ಅವರ ಬ್ಯಾಂಕು ದುಡ್ಡು ಕೈಸೇರಿದ ಅರ್ಧ ಗಂಟೆಯಲ್ಲಿ ಜಮಾ ಮಾಡಬೇಕು. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ, ಆ ಕಂತು ಮುಗಿದ ಎರಡು ಗಂಟೆಯೊಳಗೆ ಜಮಾ ಇಲ್ಲವೇ ವಾಪಸ್. ನಿಮ್ಮದು ನಿನ್ನೆಯದು, ಇಷ್ಟೊತ್ತಿಗೆ ಎರಡರಲ್ಲಿ ಒಂದು ಆಗಿರಬೇಕು. ಕಟ್ ಆದ ಮೆಸೇಜ್ ಅಲ್ಲದೆ, ಅವರ ಖಾತೆಗೆ ಜಮಾ ಆಯಿತು ಅಂತ ಎರಡನೇ ಮೆಸೇಜ್ ಬಂದಿದೆಯಾ ಹುಡುಕಿ. ಇದ್ದರೆ ಅದನ್ನೇ ಕಳಿಸಿ, ಚೀಟಿಗಿಂತ ಅದಕ್ಕೆ ಬೆಲೆ ಜಾಸ್ತಿ.

 

ಬ್ಯಾಂಕಿನಿಂದ ರಿಟೈರ್ ಆದ ಮೇಡಂ ಐಎಫ್‌ಎಸ್‌ಸಿ ಬಗ್ಗೆ ಹೇಳಿದ್ದು ಮುಖ್ಯ. 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಮಾರುವವರು ಹಳೇ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ ನೋಡಿ ಕೊಟ್ಟಿದ್ದರೆ `SYNB` ಅಂತ ಇರುತ್ತದೆ. ಆ ಬ್ಯಾಂಕು ಕೆನರಾಗೆ ಸೇರಿ, 2021ರ ಜುಲೈ 1ರಿಂದ ಆ ಕೋಡ್ ನಡೆಯಲ್ಲ. ಈಗ `CNRB` ಇಂದ ಶುರುವಾಗಬೇಕು. ಸಣ್ಣ ಸಹಕಾರಿ ಬ್ಯಾಂಕಿನ ಖಾತೆ ಆದರೆ ಕೋಡ್ ದೊಡ್ಡ ಬ್ಯಾಂಕಿನದು ಇರೋದುಂಟು, ಯಾಕೆಂದರೆ ಅವರು ಆ ಬ್ಯಾಂಕಿನ ಮೂಲಕ ದುಡ್ಡು ತರಿಸಿಕೊಳ್ಳುತ್ತಾರೆ. ಬ್ಯಾಂಕಿನ ಹೆಸರು ಬೇರೆ ಕಂಡಿತು ಅಂತ ತಪ್ಪು ಅನ್ನಬೇಡಿ, ಮಾರುವವರ ಶಾಖೆಯಲ್ಲಿ ಒಂದು ಮಾತು ಕೇಳಿಸಿ.

ಫೋಟೋದಲ್ಲಿ ನಿಮ್ಮ ಖಾತೆ ನಂಬರ್ ಮುಚ್ಚಬೇಕಾ ಅಂತ ಇಲ್ಲಿ ಇಬ್ಬರು ಜಗಳವಾಡಿದ್ದಾರೆ. ಮೇಡಂ ಮುಚ್ಚಿ ಅಂತಾರೆ. ಮುಚ್ಚಿದ ರಸೀದಿ ನೋಡಿ ಮಾರುವವರಿಗೆ ಅನುಮಾನ ಬರುತ್ತೆ ಅನ್ನೋದು ಇನ್ನೊಬ್ಬರ ಮಾತು. ನಾನು ಕೊನೆಯ ನಾಲ್ಕು ಅಂಕಿ ಬಿಟ್ಟು ಮುಚ್ಚುತ್ತೇನೆ, ಉಳಿಕೆ ಎಷ್ಟಿದೆ ಅನ್ನೋದನ್ನಂತೂ ತೋರಿಸಲ್ಲ. ಅವರ ಖಾತೆ ನಂಬರ್, ಮೊತ್ತ, ತಾರೀಕು, ಯುಟಿಆರ್ ಮಾತ್ರ ಪೂರ್ತಿ ಕಾಣಬೇಕು. ಕಳಿಸೋದು ಅವರಿಗೊಬ್ಬರಿಗೇ. ಇಲ್ಲಿ ಗುಂಪಿಗೆ ಹಾಕಿರುವ ಚೀಟಿಯ ಫೋಟೋವನ್ನು ಈಗಲೇ ಡಿಲೀಟ್ ಮಾಡಿ ಅಣ್ಣ, ಅದರಲ್ಲಿ ನಿಮ್ಮ ಸಹಿಯೂ ಕಾಣ್ತಿದೆ.