ಲಿಂಕ್ ಒತ್ತಿದ ಮೇಲಿನ ಹತ್ತು ನಿಮಿಷವನ್ನು ಚಿತ್ರಿಸಿ

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಸುಮಾರು ಅರವತ್ತು ಜನರಿದ್ದೇವೆ. ಫಿಶಿಂಗ್ ಮತ್ತು ಪಾಸ್‌ವರ್ಡ್ ಸುರಕ್ಷತೆಯ ಬಗ್ಗೆ ಐದು ನಿಮಿಷದ ವೀಡಿಯೊ ಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ಸಣ್ಣ ಸಣ್ಣ ಸನ್ನಿವೇಶಗಳನ್ನಿಟ್ಟು ಸ್ಕ್ರಿಪ್ಟ್ ಬರೆಯುವುದು ಹೇಗೆ?

ನಾನು ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಸಿಸ್ಟಮ್ ವಿಭಾಗದಲ್ಲಿದ್ದೇನೆ. ನಾನು ಬರೆದ ಮೊದಲ ಸ್ಕ್ರಿಪ್ಟಿನಲ್ಲಿ ಕತ್ತಲೆ ಕೋಣೆಯೂ ಮುಖ ಮುಚ್ಚಿಕೊಂಡ ಹ್ಯಾಕರನೂ ಇದ್ದರು. ಎಲ್ಲರೂ ಮೆಚ್ಚಿಕೊಂಡರು, ಆದರೆ ಮರುತಿಂಗಳೇ ಲೆಕ್ಕಪತ್ರ ವಿಭಾಗದವರೊಬ್ಬರು ನಕಲಿ ಪುಟಕ್ಕೆ ಪಾಸ್‌ವರ್ಡ್ ಕೊಟ್ಟುಬಿಟ್ಟರು. ವಿಚಾರಿಸಿದಾಗ ಅವರು ಹೇಳಿದ್ದು ಇಷ್ಟೇ: “ಅದು ನಮ್ಮ ಆಫೀಸಿನ ಪುಟದ ಹಾಗೇ ಇತ್ತಲ್ಲ ಸರ್.” ಎರಡನೆಯ ಸ್ಕ್ರಿಪ್ಟನ್ನು ಆ ಒಂದು ಮಾತಿನಿಂದಲೇ ಆರಂಭಿಸಿದೆ. ಹತ್ತು ಬಗೆಯ ಮೋಸಗಳನ್ನು ಪಟ್ಟಿ ಮಾಡುವ ಬದಲು ಒಬ್ಬ ವ್ಯಕ್ತಿ, ಒಂದು ಮೇಲ್, ನಾಲ್ಕು ದೃಶ್ಯ ಎಂದು ಕಟ್ಟಿದೆ. ನೀವೂ ಹಾಗೆಯೇ ಮಾಡಿ ಎಂಬುದು ನನ್ನ ಸಲಹೆ.

ಮೊದಲ ದೃಶ್ಯಕ್ಕೆ ನಲವತ್ತು ಸೆಕೆಂಡು ಸಾಕು. ಇಪ್ಪತ್ತನೆಯ ತಾರೀಖು, ಜಿಎಸ್‌ಟಿಆರ್-3ಬಿ ಸಲ್ಲಿಸಲು ಕಡೆಯ ದಿನ, ಸಂಜೆ 5.40. ಸವಿತಾ ಮೇಡಂ ಕಿವಿಗೆ ಫೋನ್ ಒತ್ತಿಕೊಂಡು ಯಾರಿಗೋ ಇನ್‌ವಾಯ್ಸ್ ಸಂಖ್ಯೆ ಓದಿ ಹೇಳುತ್ತಿರುವಾಗ “ನಿಮ್ಮ ಮೇಲ್‌ಬಾಕ್ಸ್ ಪಾಸ್‌ವರ್ಡಿನ ಅವಧಿ ಇಂದು 6 ಗಂಟೆಗೆ ಮುಗಿಯುತ್ತದೆ, ಅದನ್ನೇ ಉಳಿಸಿಕೊಳ್ಳಲು ಇಲ್ಲಿ ಒತ್ತಿ” ಎಂಬ ಮೇಲ್ ಬರುತ್ತದೆ. ಮೇಲ್‌ನಲ್ಲಿ ಕಾಗುಣಿತದ ತಪ್ಪು ಇಡಬೇಡಿ. ತಪ್ಪಿದ್ದರೆ ಮಾತ್ರ ಮೋಸ ಎಂದು ನಮ್ಮ ಜನ ಕಲಿತುಬಿಟ್ಟಿದ್ದಾರೆ, ಈಗಿನ ಮೋಸದ ಮೇಲ್‌ಗಳೋ ನಮ್ಮ ಎಚ್.ಆರ್. ಸುತ್ತೋಲೆಗಿಂತ ಶುದ್ಧವಾಗಿರುತ್ತವೆ. ಮೇಡಂ ದಡ್ಡರಲ್ಲ, ಕೆಲಸದ ಒತ್ತಡದಲ್ಲಿದ್ದಾರೆ ಎಂಬುದು ನೋಡುವವರಿಗೆ ಕಾಣಬೇಕು.

ಎರಡನೆಯ ದೃಶ್ಯವೇ ವೀಡಿಯೊದ ಜೀವಾಳವಾದ್ದರಿಂದ ಅದಕ್ಕೆ ಒಂದೂವರೆ ನಿಮಿಷವನ್ನಾದರೂ ಕೊಡಿ. ಕ್ಯಾಮೆರಾ ಬ್ರೌಸರಿನ ಮೇಲ್ಭಾಗದ ವಿಳಾಸದ ಪಟ್ಟಿಯ ಹತ್ತಿರ ಹೋಗಿ ನಿಲ್ಲಲಿ. ಅಸಲಿ ಮತ್ತು ನಕಲಿ ವಿಳಾಸಗಳು ಒಂದರ ಕೆಳಗೊಂದು ಹೀಗೆ ಕಾಣಲಿ:

```
https://login.example.com/mail
https://login.example.com.mailbox-verify.example/mail
```

ಎಡದಿಂದ ಓದಿದರೆ ಎರಡರಲ್ಲೂ ಕಂಪನಿಯ ಹೆಸರೇ ಕಾಣುತ್ತದೆ. ಮೋಸ ಅಡಗಿರುವುದು ಅಲ್ಲಿಯೇ. `https://` ಆದ ಮೇಲೆ ಬರುವ ಮೊದಲ ಒಂಟಿ ಓರೆಗೆರೆಯ ಮೇಲೆ ಬೆರಳಿಟ್ಟು, ಅಲ್ಲಿಂದ ಎಡಕ್ಕೆ ಓದಬೇಕು. ಪುಟದ ಯಜಮಾನ ಯಾರೆಂದು ಹೇಳುವುದು ಆ ಗೆರೆಗೆ ಮುಂಚಿನ, ಚುಕ್ಕಿಯಿಂದ ಬೇರೆಯಾದ ಕೊನೆಯ ಎರಡು ತುಂಡುಗಳು. ಮೊದಲನೆಯದರಲ್ಲಿ ಅದು `example.com`, ಎರಡನೆಯದರಲ್ಲಿ `mailbox-verify.example`. ಅದರ ಎಡಕ್ಕೆ ಯಾರ ಹೆಸರನ್ನು ಬೇಕಾದರೂ ಅಂಟಿಸಿಕೊಳ್ಳಬಹುದು. ನಿಮ್ಮ ವಿಳಾಸ `.co.in` ಅಥವಾ `.gov.in` ಎಂದು ಮುಗಿಯುವುದಾದರೆ ಮೂರು ತುಂಡು ನೋಡಬೇಕು ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ. ಬೀಗದ ಚಿತ್ರವಿದ್ದರೆ ಪುಟ ಅಸಲಿ ಎಂಬ ನಂಬಿಕೆಯನ್ನು ಇಲ್ಲಿಯೇ ಕಿತ್ತುಹಾಕಿ: ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಆ ಬೀಗ ಹೇಳುತ್ತದೆ, ಆ ತುದಿಯಲ್ಲಿ ಕೂತವನು ಸಾಚಾ ಎಂದಲ್ಲ.

ಪಾಸ್‌ವರ್ಡುಗಳನ್ನು ನೆನಪಿಟ್ಟುಕೊಂಡು ತುಂಬಿಕೊಡುವ ತಂತ್ರಾಂಶ, ಅಂದರೆ ಪಾಸ್‌ವರ್ಡ್ ಮ್ಯಾನೇಜರ್, ಇದೇ ದೃಶ್ಯದಲ್ಲಿ ಬರಲಿ. ಮೇಡಂ ಪುಟ ತೆರೆಯುತ್ತಾರೆ, ದಿನಾ ತಾನಾಗಿಯೇ ತುಂಬಿಕೊಳ್ಳುತ್ತಿದ್ದ ಪಾಸ್‌ವರ್ಡಿನ ಖಾನೆ ಇವತ್ತು ಖಾಲಿ. ಮ್ಯಾನೇಜರ್ ಪುಟದ ಅಂದಚೆಂದ ನೋಡುವುದಿಲ್ಲ, ವಿಳಾಸವನ್ನು ಹೋಲಿಸಿ ನೋಡುತ್ತದೆ, ಹೊಂದಲಿಲ್ಲವಾದರೆ ಸುಮ್ಮನಿರುತ್ತದೆ. ಆ ಖಾಲಿ ಖಾನೆಯ ಮೇಲೆ ಮೂರು ಸೆಕೆಂಡು ಕ್ಯಾಮೆರಾ ನಿಲ್ಲಿಸಿ. ಅಸಲಿ ಪುಟದಲ್ಲಿಯೂ ಅದು ಒಮ್ಮೊಮ್ಮೆ ತುಂಬದೆ ಕೈಕೊಡುವುದುಂಟು, ಆದ್ದರಿಂದಲೇ ಜನರಿಗೆ ಕೈಯಲ್ಲಿ ಟೈಪ್ ಮಾಡುವ ಅಭ್ಯಾಸವಾಗಿದೆ. ತುಂಬದಿದ್ದಾಗ ಲಿಂಕನ್ನು ಬಿಟ್ಟು ತಾವೇ ಉಳಿಸಿಕೊಂಡ ಬುಕ್‌ಮಾರ್ಕಿನಿಂದ ಹೋಗಿ ನೋಡಬೇಕು ಎಂದು ಹೇಳಿದರೆ ಸಾಕು.

ಮೇಡಂ ಟೈಪ್ ಮಾಡುತ್ತಾರೆ. ಪುಟ ಒಟಿಪಿ ಕೇಳುತ್ತದೆ, ಅದನ್ನೂ ಕೊಡುತ್ತಾರೆ. “ಒಟಿಪಿ ಇದೆಯಲ್ಲ, ಏನಾಗುತ್ತೆ?” ಎನ್ನುವವರಿಗಾಗಿ ಇಲ್ಲಿ ಪರದೆಯನ್ನು ಎರಡು ಭಾಗ ಮಾಡಿ. ಎಡಗಡೆ ಮೇಡಂ ನಕಲಿ ಪುಟದಲ್ಲಿ ಬರೆದ ಅಂಕಿಗಳು ಬಲಗಡೆ ಅಸಲಿ ಪುಟದಲ್ಲಿ ಅದೇ ಕ್ಷಣ ಮೂಡಲಿ. ನಡುವೆ ಕೂತ ತಂತ್ರಾಂಶ ಅವನ್ನು ದಾಟಿಸುತ್ತದೆ, ಲಾಗಿನ್ ಆದ ಗುರುತನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಪಾಸ್‌ವರ್ಡಿನ ಬದಲು ಬಳಸುವ ಡಿಜಿಟಲ್ ಕೀಲಿಯಾದ ಪಾಸ್‌ಕೀ ಹೀಗೆ ಮೋಸಹೋಗುವುದಿಲ್ಲ, ಅದು ಅಸಲಿ ವಿಳಾಸಕ್ಕೇ ಕಟ್ಟಿಕೊಂಡಿರುತ್ತದೆ. ನಿಮ್ಮಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಅದರ ಹೆಸರೆತ್ತಿ ಗೊಂದಲ ಮಾಡಬೇಡಿ.

ಮೂರನೆಯ ದೃಶ್ಯ ಚಿಕ್ಕದು. ಒಳಗೆ ಬಂದವನು ಗಲಾಟೆ ಮಾಡುವುದಿಲ್ಲ. ಒಬ್ಬ ಪೂರೈಕೆದಾರರಿಂದ ಬರುವ ಮೇಲ್‌ಗಳು ಇನ್‌ಬಾಕ್ಸಿನಲ್ಲಿ ಕಾಣದಂತೆ ಮೇಡಂ ಖಾತೆಯಲ್ಲಿ ಒಂದು ನಿಯಮ ಹಾಕಿ, ಆ ಪೂರೈಕೆದಾರರ ಹೆಸರಿನಲ್ಲಿ “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ” ಎಂದು ಬರೆಯುತ್ತಾನೆ. ಹಣ ಕಳಿಸುವ ಮುನ್ನ ಹಳೆಯ ಕಡತದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಆ ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಮಾಡಿದರೆ ಎತ್ತುವವನೂ ಅವನೇ. ಪಾಸ್‌ವರ್ಡಿನ ಮಾತನ್ನೂ ಇಲ್ಲಿಯೇ ಸೇರಿಸಿ: ಅದೇ ಪಾಸ್‌ವರ್ಡನ್ನು ಮೇಡಂ ಇನ್ನೆರಡು ಕಡೆ ಬಳಸಿದ್ದರಿಂದ ಆ ಬಾಗಿಲುಗಳೂ ತೆರೆದುಕೊಂಡವು. ಒಂದೊಂದು ಖಾತೆಗೂ ಬೇರೆ ಪಾಸ್‌ವರ್ಡ್ ಇರಬೇಕು. ನೆನಪಿಡಲೇಬೇಕಾದ ಒಂದೆರಡಕ್ಕೆ ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳು ಸಾಕು, ಉಳಿದದ್ದನ್ನು ಮ್ಯಾನೇಜರ್ ಹುಟ್ಟಿಸಲಿ. ತೊಂಬತ್ತು ದಿನಕ್ಕೊಮ್ಮೆ ಬದಲಿಸಿ ಎನ್ನಬೇಡಿ. ಬಲವಂತ ಮಾಡಿದರೆ ಜನ `Savitha@01` ಅನ್ನು `Savitha@02` ಮಾಡುತ್ತಾರೆ, ಅಷ್ಟೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕೂಡ 2017ರ ಮಾರ್ಗಸೂಚಿಯಲ್ಲಿ ಈ ಪದ್ಧತಿ ಬೇಡವೆಂದಿದೆ. ಸೋರಿಕೆಯಾದ ಸುಳಿವು ಸಿಕ್ಕಾಗ ಮಾತ್ರ ಕೂಡಲೇ ಬದಲಿಸಬೇಕು.

ನಾಲ್ಕನೆಯ ದೃಶ್ಯವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ನಮ್ಮಲ್ಲಿ ಪಾಸ್‌ವರ್ಡ್ ಕೊಟ್ಟವರಿಗೆ ಅರ್ಧ ಗಂಟೆಯಲ್ಲೇ ಅನುಮಾನ ಬಂದಿತ್ತು, ಆದರೆ ಬೈಗುಳದ ಹೆದರಿಕೆಯಿಂದ ಎರಡು ದಿನ ಬಾಯಿ ಬಿಡಲಿಲ್ಲ. ಆದ್ದರಿಂದ ಸವಿತಾ ಮೇಡಂ ಮತ್ತು ಸಿಸ್ಟಮ್ ವಿಭಾಗದ ಮಂಜು ಆಡುವ ಈ ಸಂಭಾಷಣೆಯನ್ನು ಇದ್ದಂತೆಯೇ ಬಳಸಿಕೊಳ್ಳಿ:

“ಮಂಜು, ಒಂದು ಎಡವಟ್ಟು ಮಾಡಿಕೊಂಡೆ ಕಣಪ್ಪ. ಪಾಸ್‌ವರ್ಡ್ ಹಾಕಿದ ಮೇಲೆ ಬೇರೆ ಏನೋ ಪುಟ ಬಂತು.”

“ಬೇಗ ಹೇಳಿದ್ದು ಒಳ್ಳೇದಾಯ್ತು ಮೇಡಂ. ಎಷ್ಟು ಹೊತ್ತಾಯ್ತು? ಮೇಲ್ ಅಳಿಸಬೇಡಿ, ನಾನು ನೋಡಬೇಕು.”

ಮಂಜು ಮಾಡುವ ಕೆಲಸಗಳನ್ನು ತೋರಿಸಿ: ಪಾಸ್‌ವರ್ಡ್ ಬದಲಿಸುತ್ತಾನೆ, ಎಲ್ಲ ಸಾಧನಗಳಿಂದಲೂ ಖಾತೆಯನ್ನು ಹೊರಹಾಕುತ್ತಾನೆ, ಗೊತ್ತಿಲ್ಲದ ಫೋನ್ ಅಥವಾ ಫಾರ್ವರ್ಡಿಂಗ್ ನಿಯಮ ಸೇರಿಕೊಂಡಿದೆಯೇ ಎಂದು ಹುಡುಕುತ್ತಾನೆ. ಬರೀ ಪಾಸ್‌ವರ್ಡ್ ಬದಲಿಸಿ ಸುಮ್ಮನಾದರೆ ಆಗಲೇ ಒಳಗಿರುವವನು ಒಳಗೇ ಉಳಿಯಬಹುದು. ಹಣ ಹೋಗಿದ್ದರೆ ತಕ್ಷಣ ಬ್ಯಾಂಕಿಗೆ ತಿಳಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ದೂರನ್ನು `cybercrime.gov.in` ನಲ್ಲಿ ದಾಖಲಿಸಬಹುದು. ಇಂಥ ಘಟನೆಯನ್ನು ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ 2022ರ ನಿರ್ದೇಶನ ಸಂಸ್ಥೆಗೆ ಸಂಬಂಧಿಸಿದ್ದು. ಅದು ನಿಮ್ಮ ಸಿಸ್ಟಮ್ ವಿಭಾಗಕ್ಕೆ ಗೊತ್ತಿದ್ದರಾಯಿತು, ವೀಡಿಯೊದಲ್ಲಿ ಬೇಡ.

ಚಿತ್ರೀಕರಣಕ್ಕೆ ಪರೀಕ್ಷಾರ್ಥ ಮೇಲ್ ಖಾತೆಯನ್ನೇ ಬಳಸಿ. ನಮ್ಮ ಮೊದಲ ವೀಡಿಯೊದಲ್ಲಿ ಮಾನಿಟರಿನ ಅಂಚಿಗೆ ಅಂಟಿಸಿದ್ದ ಚೀಟಿಯ ಮೇಲಿನ ವೈಫೈ ಪಾಸ್‌ವರ್ಡ್ ಸ್ಪಷ್ಟವಾಗಿ ಸೆರೆಯಾಗಿತ್ತು, ಅದನ್ನು ಕಂಡುಹಿಡಿದವರು ನಮ್ಮ ಕ್ಯಾಂಟೀನಿನ ಹುಡುಗರು.