ಅನುಭವ ಇದೆಯಾ ಅಂತ ಕೇಳಿದರೆ ಸುಳ್ಳು ಹೇಳಲಾ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ. ಇಲ್ಲಿ ವಿನೋಬನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಬೇಸಿಗೆಯಲ್ಲಿ ಎರಡು ತಿಂಗಳು ಕೆಲಸ ಮಾಡಿ ಫೀಸಿಗೆ ಸ್ವಲ್ಪ ದುಡ್ಡು ಮಾಡಿಕೊಳ್ಳೋಣ ಅಂತ ಒಂದು ಕಡೆ ಇಂಟರ್‌ವ್ಯೂಗೆ ಹೋಗಿದ್ದೆ. 'ಅನುಭವ ಇದೆಯಾ' ಅಂದರು. 'ಇಲ್ಲ ಸರ್, ಕಲಿತುಕೊಳ್ತೀನಿ' ಅಂದೆ. 'ಹೇಳಿ ಕಳಿಸ್ತೀವಿ' ಅಂದವರು ಹೇಳಿ ಕಳಿಸಲೇ ಇಲ್ಲ. ಈಗ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯವರು ಶುಕ್ರವಾರ ಬಾ ಅಂದಿದ್ದಾರೆ. 'ಸಾಗರದ ಅಂಗಡಿಯಲ್ಲಿ ಆರು ತಿಂಗಳು ಇದ್ದೆ ಅಂತ ಹೇಳು, ಎರಡೇ ತಿಂಗಳು ಅನ್ನೋದನ್ನ ಬಾಯಿ ಬಿಡಬೇಡ' ಅಂತ ಗೆಳತಿ ಹೇಳುತ್ತಾಳೆ. ನನಗೆ ಧೈರ್ಯ ಬರುತ್ತಿಲ್ಲ. ಮನೆಯಲ್ಲಿ ಅಡಿಕೆ ಸುಲಿಯುವವರ ಲೆಕ್ಕ ಬರೆದದ್ದು ಬಿಟ್ಟರೆ ನಾನು ಬೇರೇನೂ ಮಾಡಿದವಳಲ್ಲ. ಏನು ಹೇಳಲಿ?
- ಹೆಸರು ಬೇಡ, ಶಿವಮೊಗ್ಗ

ಉತ್ತರ: ಸಾಗರದ ಕಥೆ ಬೇಡ. ಪಾಪ ಪುಣ್ಯದ ಮಾತು ಪಕ್ಕಕ್ಕಿರಲಿ, ಆ ಸುಳ್ಳು ನಿಲ್ಲುವುದೇ ಇಲ್ಲ. 'ಸಾಗರದಲ್ಲಿ ಯಾವ ಅಂಗಡಿ?' ಅಂತ ಯಜಮಾನರು ಕೇಳಿಯೇ ಕೇಳುತ್ತಾರೆ. ಬಟ್ಟೆ ವ್ಯಾಪಾರದವರಿಗೆ ಅಕ್ಕಪಕ್ಕದ ಊರಿನ ಅಂಗಡಿಯವರ ಪರಿಚಯ ಇದ್ದೇ ಇರುತ್ತದೆ, ಒಂದು ಫೋನ್ ಸಾಕು. ಫೋನ್ ಮಾಡದಿದ್ದರೂ ಒಂದು ಸೀರೆ ಬಿಚ್ಚಿ ಮುಂದೆ ಹಾಕಿ 'ಮಡಿಸಮ್ಮ' ಅಂದರೆ ಎರಡು ನಿಮಿಷದಲ್ಲಿ ನಿಮ್ಮ ಆರು ತಿಂಗಳು ಬಯಲಾಗುತ್ತದೆ.

ಆದರೆ 'ಇಲ್ಲ ಸರ್, ಕಲಿತುಕೊಳ್ತೀನಿ' ಅನ್ನುವುದೂ ಉತ್ತರ ಅಲ್ಲ. ಎಲ್ಲರೂ ಅದನ್ನೇ ಹೇಳುತ್ತಾರೆ. ಅದರಿಂದ ನಿಮ್ಮ ಬಗ್ಗೆ ಅವರಿಗೆ ಏನೂ ತಿಳಿಯಲಿಲ್ಲ, ಅಲ್ವಾ?

ಬೇಸಿಗೆ ಅಂದರೆ ಮದುವೆ ಸೀಸನ್. ಒಂದೊಂದು ಮದುವೆಗೆ ಮನೆಮಂದಿಯೆಲ್ಲ ಬಂದು ಕೂರುತ್ತಾರೆ. ಇಪ್ಪತ್ತು ಮೂವತ್ತು ಸೀರೆ ಬಿಚ್ಚಿಸಿ ನಾಲ್ಕು ತೆಗೆದುಕೊಂಡು ಎದ್ದು ಹೋಗುತ್ತಾರೆ. ಉಳಿದದ್ದನ್ನು ಮಡಿಸಿ, ಬೆಲೆ ಚೀಟಿ ಕಾಣುವ ಹಾಗೆ ಅದದೇ ರ‍್ಯಾಕಿಗೆ ಸೇರಿಸುವವರು ಯಾರು? ಹೊಸಬರು. ಮೊದಲ ಕೆಲವು ವಾರ ನಿಮಗೆ ಸಿಗುವುದು ಇದೇ ಕೆಲಸ. ಗಿರಾಕಿಯನ್ನು ಒಲಿಸಿ ಮಾರುವ ಕೆಲಸ ಹಳಬರದ್ದು. ಹಾಗಾಗಿ ಯಜಮಾನರು 'ಅನುಭವ ಇದೆಯಾ' ಅಂದಾಗ ಅವರ ತಲೆಯಲ್ಲಿ ಓಡುತ್ತಿರುವುದು ಬೇರೆ. ಈ ಹುಡುಗಿ ದಿನಾ ಹೊತ್ತಿಗೆ ಸರಿಯಾಗಿ ಬರುತ್ತಾಳಾ? ಇಡೀ ದಿನ ನಿಂತಿರುತ್ತಾಳಾ? ದುಡ್ಡಿನ ಲೆಕ್ಕದಲ್ಲಿ ಎಡವುತ್ತಾಳಾ? ಸೀಸನ್ ಜೋರಾಗಿರುವಾಗ ಕೈಕೊಟ್ಟು ಹೋಗುತ್ತಾಳಾ?

ಈಗ ನಿಮ್ಮ ಪತ್ರದ ಕೊನೆಗೆ ಬನ್ನಿ. ನೀವು ಸುಮ್ನೆ ಬರೆದು ಬಿಟ್ಟ ಅಡಿಕೆ ಲೆಕ್ಕದಲ್ಲೇ ಅರ್ಧ ಉತ್ತರ ಇದೆ. ಸುಲಿತ ಅಂದರೆ ಏನು ಅಂತ ನಮಗೆ ಗೊತ್ತು. ರಾತ್ರಿಯವರೆಗೂ ಮೆಟ್ಟುಗತ್ತಿ ಮುಂದೆ ಜನ ಕೂತಿರುತ್ತಾರೆ. ಯಾರು ಎಷ್ಟು ಡಬ್ಬ ಸುಲಿದರು ಅಂತ ಒಬ್ಬರು ಎದುರಿಗೇ ಅಳೆದು ಬರೆಯಬೇಕು. ಮುಂಗಡ ತೆಗೆದುಕೊಂಡವರದ್ದು ಕಳೆಯಬೇಕು. ಬಟವಾಡೆ ದಿನ ಒಂದು ಡಬ್ಬ ಕಡಿಮೆ ಬಂದರೂ ಜಗಳ. ಅದನ್ನು ನಿಭಾಯಿಸಿದವಳು 'ಏನೂ ಮಾಡಿದವಳಲ್ಲ' ಅಂದರೆ ಹೇಗೆ?

ಹಾಗಂತ 'ನನಗೆ ಲೆಕ್ಕ ಚೆನ್ನಾಗಿ ಬರುತ್ತೆ' ಅನ್ನಬೇಡಿ. ನಡೆದದ್ದನ್ನು ಹೇಳಿ. ಹೀಗೆ: 'ಅಂಗಡಿಯಲ್ಲಿ ಕೆಲಸ ಮಾಡಿಲ್ಲ ಸರ್. ಮನೆಯಲ್ಲಿ ಕೊನೆಕೊಯ್ಲಿನಲ್ಲಿ ಎಂಟು ಜನರ ಸುಲಿತದ ಲೆಕ್ಕ ನಾನೇ ಬರೀತೀನಿ. ದಿನದ ಡಬ್ಬ, ಮುಂಗಡ, ವಾರದ ಬಟವಾಡೆ ಎಲ್ಲ. ಒಂದು ಸಲ ಒಬ್ಬರು ಒಂದು ಡಬ್ಬ ಕಡಿಮೆ ಬಂತು ಅಂತ ಗಲಾಟೆ ಮಾಡಿದರು. ಅವತ್ತಿನ ಪುಟ ತೆಗೆದು ತೋರಿಸಿದೆ, ನನ್ನದೇ ತಪ್ಪಿತ್ತು, ಅಲ್ಲೇ ಸರಿ ಮಾಡಿ ಕೊಟ್ಟೆ.' ಎಂಟು ಜನ, ಒಂದು ಡಬ್ಬ ಅನ್ನುವುದು ನನ್ನ ಊಹೆ. ನಿಮ್ಮ ಮನೆಯಲ್ಲಿ ನಡೆದದ್ದೇನೋ ಅದನ್ನು ಹಾಕಿಕೊಳ್ಳಿ. ತಪ್ಪಾಗಿದ್ದರೆ ಅದನ್ನೂ ಹೇಳಿ. ತಪ್ಪು ಒಪ್ಪಿ ಸರಿ ಮಾಡುವವರನ್ನು ಗಲ್ಲಾ ಹತ್ತಿರ ಬಿಡಲು ಯಜಮಾನರಿಗೆ ಧೈರ್ಯ ಬರುತ್ತದೆ. ಇಷ್ಟನ್ನು ಒಂದು ನಿಮಿಷದೊಳಗೆ ಮುಗಿಸಿ ಸುಮ್ಮನಾಗಿ.

ಲೆಕ್ಕ ಬರುತ್ತೆ ಅಂದ ಮೇಲೆ ಅಲ್ಲೇ ಪರೀಕ್ಷೆ ಮಾಡಿದರೂ ಮಾಡಿಯಾರು. '1,850ರ ಸೀರೆ, ಹತ್ತು ಪರ್ಸೆಂಟ್ ಡಿಸ್ಕೌಂಟ್, ಗಿರಾಕಿ ನಾಲ್ಕು ಐನೂರರ ನೋಟು ಕೊಟ್ಟರು, ಚಿಲ್ಲರೆ ಎಷ್ಟು?' ಮೊಬೈಲಿಗೆ ಕೈ ಹಾಕಬೇಡಿ. ಹತ್ತು ಪರ್ಸೆಂಟ್ ಅಂದರೆ 185, ಉಳಿದದ್ದು 1,665. ಚಿಲ್ಲರೆಯನ್ನು ಕಳೆದು ನೋಡುವುದಕ್ಕಿಂತ ಕೂಡುತ್ತಾ ಹೋಗುವುದು ಸುಲಭ. ಐದು ಕೊಟ್ಟರೆ 1,670, ಮೂವತ್ತು ಕೊಟ್ಟರೆ 1,700, ಮುನ್ನೂರು ಕೊಟ್ಟರೆ 2,000. ಒಟ್ಟು 335. ಬಾಯಲ್ಲಿ ಹೇಳುತ್ತಲೇ ಎಣಿಸಿ. ಗಿರಾಕಿಗೂ ಹಾಗೇ ಎಣಿಸಿ ಕೊಡಬೇಕು, ಆಗ ತಕರಾರು ಬರುವುದಿಲ್ಲ.

ಗುರುವಾರದೊಳಗೆ ಚಿಕ್ಕಮ್ಮನ ಒಂದು ಕಾಟನ್ ಸೀರೆ, ಒಂದು ಶಿಫಾನ್ ಸೀರೆ ತೆಗೆದುಕೊಂಡು ಮಂಚದ ಮೇಲೆ ಒಬ್ಬರೇ ಮಡಿಸಿ ನೋಡಿ. ಕಾಟನ್ ಹೇಳಿದ ಹಾಗೆ ಕೇಳುತ್ತದೆ. ಶಿಫಾನ್ ಜಾರುತ್ತದೆ, ಅಂಚಿಗೆ ಅಂಚು ಕೂರುವುದೇ ಇಲ್ಲ. ಅಂಗಡಿಯವರಷ್ಟು ಚುರುಕಾಗಿ ಬರದಿದ್ದರೂ ಪರವಾಗಿಲ್ಲ, 'ಮಡಿಸಮ್ಮ' ಅಂದಾಗ ಕೈ ನಡುಗದಿದ್ದರೆ ಸಾಕು. ಪ್ಲಾಸ್ಟಿಕ್ ಫೈಲಿನಲ್ಲಿ ಮೂರು ಪುಟದ ರೆಸ್ಯೂಮೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬಟ್ಟೆ ಅಂಗಡಿಯಲ್ಲಿ ಅದು ಹೋಗಿ ಟೀ ಲೋಟದ ಕೆಳಗೆ ಕೂರುತ್ತದೆ.

ಇನ್ನು ಎರಡು ತಿಂಗಳ ವಿಷಯ. ಮುಚ್ಚಿಡಬೇಡಿ. ಮದುವೆ ಸೀಸನ್‌ಗೆ ಅಂತಲೇ ಜನ ಬೇಕಾಗಿರಬಹುದು, ಆಗ ಎರಡು ತಿಂಗಳು ಅನ್ನುವುದು ಅವರಿಗೂ ಅನುಕೂಲವೇ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ನಡುವೆ ಪರೀಕ್ಷೆ ಇದ್ದರೆ ಯಾವ ದಿನ, ರಾತ್ರಿ ಎಷ್ಟು ಗಂಟೆಯವರೆಗೆ ಇರಬಲ್ಲೆ, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆಗುವ ಹಾಗಿದ್ದರೆ ಮಾತ್ರ ಇನ್ನೊಂದು ಮಾತು ಸೇರಿಸಿ: 'ಕಾಲೇಜು ಶುರುವಾದ ಮೇಲೆ ಆಷಾಢದ ಸೇಲ್‌ಗೆ, ವರಮಹಾಲಕ್ಷ್ಮಿ ಹಬ್ಬದ ಮುಂಚೆ ಭಾನುವಾರ ಬರ್ತೀನಿ ಸರ್.' ಆ ದಿನಗಳಲ್ಲಿ ಕೆಲಸ ಗೊತ್ತಿರುವ ಹುಡುಗಿ ಸಿಗುವುದು ಕಷ್ಟ ಅಂತ ಅವರಿಗೆ ಚೆನ್ನಾಗಿ ಗೊತ್ತು. ಕಾಯಂ ಆಗಿ ಇರುವವರೇ ಬೇಕು ಅಂದರೆ ಅಲ್ಲಿಗೆ ಬಿಡಿ. ಸುಳ್ಳು ಹೇಳಿ ಸೇರಿ ನಡುವೆ ಬಿಟ್ಟು ಬಂದರೆ ಕೊನೆಯ ತಿಂಗಳ ಸಂಬಳಕ್ಕೆ ನೀವೇ ಅಲೆಯಬೇಕಾಗುತ್ತದೆ.

ಕೇಳಬೇಕಾದದ್ದನ್ನು ನೀವೂ ಕೇಳಿ, ಸಂಕೋಚ ಬೇಡ. ಸಂಬಳ ವಾರಕ್ಕೋ ತಿಂಗಳಿಗೋ? ರಜೆ ಹಾಕಿದರೆ ಎಷ್ಟು ಹಿಡಿಯುತ್ತಾರೆ? ವಾರದ ರಜೆ ಯಾವತ್ತು? ಅದು ದಯೆ ಅಲ್ಲ, ಕರ್ನಾಟಕದ 1961ರ ಅಂಗಡಿ ಕಾಯ್ದೆಯಲ್ಲೇ ವಾರಕ್ಕೊಂದು ರಜೆ ಇದೆ. 'ಎರಡು ದಿನ ಬಾ, ನೋಡೋಣ' ಅಂದರೆ ಆ ಎರಡು ದಿನಕ್ಕೂ ಸಂಬಳ ಇದೆಯಾ ಅಂತ ಆಗಲೇ ತಿಳಿದುಕೊಳ್ಳಿ. ಆಧಾರ್ ಜೆರಾಕ್ಸ್ ಕೊಡಬಹುದು. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಕೇಳಿದರೆ, ಇಲ್ಲವೇ ಡೆಪಾಸಿಟ್ ಕಟ್ಟು ಅಂದರೆ, ಮನೆಯಲ್ಲಿ ಕೇಳಿ ಹೇಳ್ತೀನಿ ಅಂತ ಹೊರಟು ಬನ್ನಿ.

ಈ ಸಲವೂ 'ಹೇಳಿ ಕಳಿಸ್ತೀವಿ' ಅಂದರೆ ತಲೆಯಾಡಿಸಿ ಬರಬೇಡಿ. 'ಸೋಮವಾರ ಬೆಳಿಗ್ಗೆ ನಾನೇ ಬಂದು ಕೇಳಲಾ ಸರ್?' ಅನ್ನಿ. ಬೆಳಿಗ್ಗೆ ಗಿರಾಕಿ ಕಡಿಮೆ, ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ. ಸೋಮವಾರ ಹೋಗಿ. ಆಗಲ್ಲ ಅಂದರೆ ಅದೇ ಬೀದಿಯಲ್ಲಿ ಇನ್ನೆರಡು ಅಂಗಡಿ ವಿಚಾರಿಸಿಕೊಂಡೇ ಮನೆಗೆ ಬನ್ನಿ.