ಲೋಟ ತೇಲುತ್ತಿದೆಯಾ? ಮೊದಲು ಬೆರಳು ನೋಡಿ

“ಕಬ್ಬನ್ ಪಾರ್ಕಿನಲ್ಲಿ ಮೊಬೈಲ್ ಹಿಡಿದು ನಿಂತ ಅಪ್ಪನ ಫೋಟೊದಲ್ಲಿ ಮೊಬೈಲ್ ಅಳಿಸಿ, ಆ ಕೈಗೆ ಅಜ್ಜಿಯ ಹಿತ್ತಾಳೆ ಲೋಟ ಜೋಡಿಸಿದೆ. ನೆರಳು ಹಾಕಿದರೂ ತೇಲಿದ ಹಾಗಿದೆ. ಯಾಕೆ?”

ತಪ್ಪು ನೆರಳಿನದಲ್ಲ, ಹಿಡಿತದ್ದು. ಮೊಬೈಲ್ ಹಿಡಿದ ಬೆರಳುಗಳು ಚಪ್ಪಟೆ ವಸ್ತುವಿಗೆ ಮಡಚಿರುತ್ತವೆ. ದುಂಡನೆಯ ಲೋಟಕ್ಕೆ ಅವು ಹೊಂದುವುದೇ ಇಲ್ಲ.

ಅಷ್ಟೇ ದಪ್ಪದ ಲೋಟವನ್ನು ನೀವೇ ಹಿಡಿದು, ಅದೇ ದಿಕ್ಕಿನ ಬೆಳಕಲ್ಲಿ, ಅದೇ ಕೋನದಿಂದ ಒಂದು ಫೋಟೊ ತೆಗೆಯಿರಿ. ಆ ಫೋಟೊದಿಂದ ಕೈಯನ್ನು ಮಣಿಕಟ್ಟಿನವರೆಗೆ ಕತ್ತರಿಸಿ ಅಪ್ಪನ ಕೈಯ ಜಾಗದಲ್ಲಿ ಕೂರಿಸಿ. ಜೋಡಣೆ ಅಂಗಿಯ ತೋಳಿನ ಅಂಚಿನಲ್ಲಿ ಮುಚ್ಚಿಹೋಗಲಿ. ಬಣ್ಣ ಹೊಂದಿಸುವ ಕೆಲಸ ಇದ್ದೇ ಇದೆ, ಅಲ್ವಾ.

ಈಗ ಪದರಗಳು: ಹಿಂದಿನ ಬೆರಳುಗಳು ಕೆಳಗೆ, ಲೋಟ ನಡುವೆ, ಹೆಬ್ಬೆರಳು ಮೇಲೆ. ಲೋಟಕ್ಕೆ ಕ್ಲಿಪ್ ಮಾಡಿದ `Multiply` ಪದರದಲ್ಲಿ ಹೆಬ್ಬೆರಳಿನ ಅಂಚಿಗೆ ಅಂಟಿದಂತೆ ಸಣ್ಣ, ಗಾಢ ಗೆರೆ ಎಳೆಯಿರಿ. ಸ್ಪರ್ಶದ ಜಾಗದಿಂದ ದೂರ ಹೋದಂತೆ ಅದು ಮಸುಕಾಗಬೇಕು. ನೀವು ಬಹುಶಃ ಸುತ್ತಲೂ ಒಂದೇ ಸಮ ಮಸುಕು ಹಾಕಿದ್ದೀರಿ, ತೇಲುವುದು ಅದರಿಂದಲೂ ಹೌದು. ಬಣ್ಣ ಶುದ್ಧ ಕಪ್ಪು ಬೇಡ, ಬೆರಳ ಸಂದಿನ ಕಂದು ಆರಿಸಿ.

ಹಿತ್ತಾಳೆ ಹೊಳೆಯುತ್ತಿದ್ದರೆ ಹೆಬ್ಬೆರಳಿನ ಮಂದ ಪ್ರತಿಬಿಂಬವೂ ಬೇಕು. ನೀವು ತೆಗೆದ ಫೋಟೊದಲ್ಲೇ ಅದು ಎಲ್ಲಿ ಬೀಳುತ್ತದೆ ಅಂತ ನೋಡಿಕೊಳ್ಳಿ.